ಪೆಟ್ಟಿಗೆಗಿಂತ ದೊಡ್ಡ ಉತ್ತರ

ಉತ್ತರಪತ್ರಿಕೆ ತಿದ್ದುವ ಕೆಲಸ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ಒಂದೇ ಲೆಕ್ಕವನ್ನು ನೂರು ಜನ ನೂರು ಥರ ಕೆಡಿಸಿಟ್ಟಿದ್ದನ್ನು ಬೆಳಗಿನಿಂದ ಸಂಜೆಯವರೆಗೆ ನೋಡುತ್ತ ಕೂತರೆ ಸಾಧು ಸ್ವಭಾವದವರಿಗೂ ತಲೆ ಕೆಡುತ್ತದೆ, ನಾನಂತೂ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು ಇಟ್ಟುಕೊಂಡವಳು. ಆದರೂ ಆ ವರ್ಷ ಖುಷಿಯಿಂದ ಹೋಗಿದ್ದೆ. ಮಿರಜದ ಹೊಸ ಎಂಜಿನಿಯರಿಂಗ್ ಕಾಲೇಜಿನಲ್ಲಿ ಗಣಿತ ಕಲಿಸಲು ಸೇರಿ ಒಂದು ವರ್ಷವೂ ಮುಗಿದಿರಲಿಲ್ಲ. ಮೌಲ್ಯಮಾಪನಕ್ಕೆ ಕರೆ ಬಂತೆಂದರೆ ನಾನೂ ಒಬ್ಬ ಅಧ್ಯಾಪಕಿ ಎಂದು ಊರಿಗೆಲ್ಲ ಗೊತ್ತಾದ ಹಾಗೆ ಅನಿಸಿತ್ತು.

ಅದು ಸಾಂಗ್ಲಿ-ಮಿರಜ ರಸ್ತೆ ಎರಡೂ ಬದಿಗೆ ತುಂಬಿಕೊಳ್ಳುತ್ತಿದ್ದ ಕಾಲ. ನಿನ್ನೆ ಕಬ್ಬು ನಿಂತಿದ್ದ ಕಡೆ ಇವತ್ತು ಮೂರು ಅಂತಸ್ತಿನ ಅಪಾರ್ಟ್‌ಮೆಂಟು, ಅದರ ಕೆಳಗೆ ಎಸ್‌ಟಿಡಿ ಬೂತು, ಪಕ್ಕದಲ್ಲಿ ಕಂಪ್ಯೂಟರ್ ಕ್ಲಾಸಿನ ಬೋರ್ಡು. ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳು ಒಂದರ ಹಿಂದೆ ಒಂದು ಏಳುತ್ತಿದ್ದವು. ಕಾಲ ಬದಲಾಯಿತು, ಕಾರ್ಖಾನೆಗಳು ಇನ್ನು ಕಂಪ್ಯೂಟರಿನಲ್ಲೇ ನಕ್ಷೆ ತೆಗೆಯುತ್ತವೆ ಎಂದು ಸಿಲಬಸ್ಸನ್ನೂ ಬದಲಾಯಿಸಿದ್ದರು. ಮೊದಲ ವರ್ಷದ ಗಣಿತದಲ್ಲಿ ಒಂದು ಹೊಸ ಭಾಗ ಸೇರಿತ್ತು. ನೆಲದ ಮೇಲೆ ಒಂದು ಆಕಾರ ಬರೆದು, ಅದರ ಮೇಲೆ ಅಡ್ಡಡ್ಡಲಾಗಿ ಚೌಕಗಳನ್ನೋ ಅರ್ಧವೃತ್ತಗಳನ್ನೋ ನಿಲ್ಲಿಸುತ್ತ ಹೋದರೆ ಏಳುವ ಗಟ್ಟಿ ವಸ್ತುವಿನ ಗಾತ್ರ ಎಷ್ಟು ಎಂಬ ಲೆಕ್ಕ. ನಮ್ಮ ಕಡೆ ಇದಕ್ಕೆ ಇನ್ನೂ ಪುಸ್ತಕ ಬಂದಿರಲಿಲ್ಲ. ಮಾಸ್ತರು ಬರೆಸಿದ ನೋಟ್ಸೇ ಗತಿ.

ಮೌಲ್ಯಮಾಪನ ನಡೆದದ್ದು ಸಾಂಗ್ಲಿಯ ಒಂದು ಕಾಲೇಜಿನ ಡ್ರಾಯಿಂಗ್ ಹಾಲಿನಲ್ಲಿ. ಮೇ ತಿಂಗಳ ಸೆಕೆ. ಉದ್ದನೆಯ ಮೇಜುಗಳು, ಮೇಲೆ ಬಂಡಲುಗಳು, ಹೆಸರಿನ ಜಾಗದಲ್ಲಿ ಬರೀ ಗುಪ್ತ ನಂಬರು. ನಾವು ಕೆಂಪು ಪೆನ್ನಿನಿಂದ ತಿದ್ದಬೇಕು, ನಮ್ಮ ಮೇಲಿನ ಮುಖ್ಯ ಪರೀಕ್ಷಕರು ಹಸಿರು ಪೆನ್ನಿನಿಂದ ನೋಡಬೇಕು. ಪ್ರತಿಯೊಬ್ಬರ ಮುಂದೆ ಮಾದರಿ ಉತ್ತರದ ಒಂದು ಝೆರಾಕ್ಸ್. ಅದರಲ್ಲಿ ಇದ್ದಂತೆ ಅಂಕ ಕೊಡಬೇಕು, ಅದೇ ಅಲ್ಲಿಯ ಕಾನೂನು. ಆ ದಿನ ಸಂಜೆ ಐದಕ್ಕೆ ಅಂಕಪಟ್ಟಿ ಒಯ್ಯಲು ವಿಶ್ವವಿದ್ಯಾಲಯದ ಗಾಡಿ ಬರುವುದಿತ್ತು.

ನಮ್ಮ ಮುಖ್ಯ ಪರೀಕ್ಷಕರು ನನ್ನ ಗುರುಗಳೇ. ಸಾಂಗ್ಲಿಯ ಹಳೆಯ ಕಾಲೇಜಿನಲ್ಲಿ ನನಗೆ ಗಣಿತ ಕಲಿಸಿದವರು. ಮಿರಜ ಹತ್ತಿರದ ಮಾಲಗಾಂವದ ಜೈನ ಮನೆತನ, ಮನೆಮಾತು ಕನ್ನಡ. ಇಡೀ ಹಾಲು ಮರಾಠಿ ಆಡುವಾಗ ನಾವಿಬ್ಬರೇ ಮೂಲೆಯಲ್ಲಿ ಕನ್ನಡ ಆಡುತ್ತಿದ್ದೆವು. ನನ್ನ ತಂದೆ, ಹುಡುಗಿಗೆ ಇಷ್ಟು ಓದು ಸಾಕು ಅಂದಾಗ ಮನೆಗೆ ಬಂದು ಅವರನ್ನು ಒಪ್ಪಿಸಿ ಎಂಎಸ್ಸಿಗೆ ಕಳಿಸಿದವರು ಸರ್. ಮಿರಜದ ನೌಕರಿಯೂ ಅವರ ಒಂದು ಮಾತಿನಿಂದಲೇ ಆದದ್ದು. ಆ ತಿಂಗಳ ಕೊನೆಗೆ ಅವರಿಗೆ ನಿವೃತ್ತಿ. ಪ್ರಶ್ನೆಪತ್ರಿಕೆ ತೆಗೆದವರು ಯಾರು ಎಂಬುದು ಗುಟ್ಟು, ಆದರೆ ಮಾದರಿ ಉತ್ತರದ ದುಂಡು ಅಕ್ಷರ ನೋಡಿದ ಕೂಡಲೇ ನನಗೆ ಗುಟ್ಟು ಉಳಿಯಲಿಲ್ಲ. ಕೊನೆಯ ಉತ್ತರದ ಕೆಳಗೆ ಸ್ಕೇಲಿನಿಂದ ಎಳೆದ ಎರಡು ಗೆರೆ ಬೇರೆ. ಹಾಗೆ ಗೆರೆ ಎಳೆಯಲು ಅವರು ತಮ್ಮ ವಿದ್ಯಾರ್ಥಿಗಳಿಗೆಲ್ಲ ಕಲಿಸುತ್ತಿದ್ದರು. ನಾನು ಇವತ್ತಿಗೂ ಎಳೆಯುತ್ತೇನೆ.

ಬೆಳಿಗ್ಗೆ ಹತ್ತರ ಸುಮಾರಿಗೆ ಆ ಹೊಸ ಲೆಕ್ಕದ ಒಂದು ಉತ್ತರ ಕೈಗೆ ಬಂತು. ಎಂಟು ಅಂಕದ ಪ್ರಶ್ನೆ. ಕಾಗದದ ಮೇಲೆ ಒಂದು ಓರೆ ಗೆರೆ, y = x. ಅದರ ಕೆಳಗೆ ಒಂದು ಬಾಗಿದ ಗೆರೆ, y = x². ಎರಡೂ ಸೊನ್ನೆಯಲ್ಲಿ ಕೂಡಿ, ನಡುವೆ ಅಗಲಿ, ಒಂದರಲ್ಲಿ ಮತ್ತೆ ಕೂಡುತ್ತವೆ. ನಡುವಿನ ಜಾಗ ಎಲೆಯಂತೆ ಕಾಣುತ್ತದೆ, ಅದೇ ತಳ. ಈ ತಳದ ಮೇಲೆ x-ಅಕ್ಷಕ್ಕೆ ಲಂಬವಾಗಿ ಚೌಕಗಳು ನಿಂತಿವೆ, ಗಾತ್ರ ಎಷ್ಟು? ವಿದ್ಯಾರ್ಥಿ ಚೌಕದ ಬಾಹು ಎಂದರೆ ಎರಡು ಗೆರೆಗಳ ನಡುವಿನ ಅಂತರ, x − x², ಅದರ ವರ್ಗ ಚೌಕದ ಕ್ಷೇತ್ರಫಲ ಎಂದು ಬರೆದು, ಸೊನ್ನೆಯಿಂದ ಒಂದರವರೆಗೆ ಕೂಡಿಸಿ 1/30 ತಂದಿದ್ದ. ನಾನು ಕಣ್ಣು ಮುಚ್ಚಿ ಎಂಟಕ್ಕೆ ಎಂಟು ಕೊಟ್ಟೆ.

ಪಕ್ಕದಲ್ಲಿ ಕೂತಿದ್ದವರು ಬೇರೆ ಕಾಲೇಜಿನ ಲೆಕ್ಚರರು, ಬಾಯಲ್ಲಿ ಯಾವಾಗಲೂ ಅಡಿಕೆ. ಅವರು ಬಗ್ಗಿ ನೋಡಿ ಮರಾಠಿಯಲ್ಲಿ, "ಮ್ಯಾಡಂ, ಉತ್ತರ 2/15 ಇದೆ. ಇದಕ್ಕೆ ಚಿತ್ರದ್ದು ಒಂದು, ಮಿತಿ ಬರೆದದ್ದಕ್ಕೆ ಒಂದು, ಎರಡೇ ಅಂಕ" ಎಂದರು.

ನಾನು ಮಾದರಿ ಉತ್ತರ ತಿರುವಿದೆ. ಹೌದು, 2/15. ಎರಡು ಗೆರೆ ಎಳೆದು.

ಮೊದಲು ಬಂದದ್ದು ನನ್ನ ಮೇಲೆಯೇ ಸಂಶಯ. ಸರ್ ಬರೆದದ್ದು ತಪ್ಪಾಗುವುದುಂಟೇ? ಆ ಝೆರಾಕ್ಸಿನ ಹಿಂಬದಿಯಲ್ಲಿ ಲೆಕ್ಕ ಮಾಡಿದೆ. ಮತ್ತೊಮ್ಮೆ ಮಾಡಿದೆ. ಮೂರನೆಯ ಸಲವೂ 1/30 ಬಂತು. ಆಮೇಲೆ ಅವರ ಸಾಲುಗಳನ್ನು ಓದಿದೆ. ಅವರು x − x² ಅನ್ನು ವರ್ಗ ಮಾಡಿರಲಿಲ್ಲ. x ಅನ್ನು ಬೇರೆ ವರ್ಗ ಮಾಡಿ, x² ಅನ್ನು ಬೇರೆ ವರ್ಗ ಮಾಡಿ, ಒಂದರಿಂದ ಒಂದನ್ನು ಕಳೆದಿದ್ದರು.

ಇದು ದಡ್ಡರು ಮಾಡುವ ತಪ್ಪಲ್ಲ. ಮೂವತ್ತು ವರ್ಷ ಗಣಿತ ಕಲಿಸಿದವರೇ ಮಾಡುವ ತಪ್ಪು. ಹಳೆಯ ಸಿಲಬಸ್ಸಿನಲ್ಲಿ ಇದೇ ಎಲೆಯನ್ನು ಅಕ್ಷದ ಸುತ್ತ ತಿರುಗಿಸುವ ಲೆಕ್ಕ ಇತ್ತು. ತಿರುಗಿಸಿದರೆ ಪ್ರತಿ ಹೋಳೂ ಬಳೆಯ ಆಕಾರವಾಗುತ್ತದೆ. ಹೊರಗಿನ ವೃತ್ತದಿಂದ ಒಳಗಿನ ವೃತ್ತ ಕಳೆಯಬೇಕು, ಆಗ ಬೇರೆ ಬೇರೆ ವರ್ಗ ಮಾಡಿ ಕಳೆಯುವುದೇ ಸರಿ. ಮೂವತ್ತು ವರ್ಷ ಕೈ ಅದನ್ನೇ ಬರೆದಿತ್ತು. ಹೊಸ ಲೆಕ್ಕಕ್ಕೆ ಬಂದಾಗ ವೃತ್ತ ಇಲ್ಲವೆಂದು ಸರ್ π ಬಿಟ್ಟಿದ್ದರು, ಉಳಿದದ್ದನ್ನು ಕೈ ತಾನೇ ಬರೆದುಬಿಟ್ಟಿತ್ತು.

ಎದ್ದು ಅವರ ಮೇಜಿಗೆ ಹೋದೆ. ಎಲ್ಲರೆದುರು ಹೇಳಬಾರದೆಂದು, "ಸರ್, ಒಂದ್ ಸ್ವಲ್ಪ ಹೊರಗ ಬರ್ತೀರೇನ್ರಿ?" ಅಂದೆ.

ವರಾಂಡದಲ್ಲಿ ನಿಂತು ಮಾದರಿ ಉತ್ತರ ತೋರಿಸಿ ಹೇಳಿದೆ. ಅವರು ಪೂರ್ತಿ ಕೇಳಲೇ ಇಲ್ಲ. ಅವರು ನನ್ನ ಮೇಲೆ ಸಿಟ್ಟಾದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ತಂಗಿ, ನನಗ ಇಂಟಿಗ್ರೇಶನ್ ಕಲಸಾಕ ಬಂದಿಯೇನು?"

"ಹಂಗಲ್ರೀ ಸರ್. ಬಾಹು ಅಂದ್ರ ಎರಡರ ನಡುವಿನ ಅಂತರ..."

"ಗೊತ್ತೈತಿ. ಮ್ಯಾಲಿನದರ ವರ್ಗದಾಗ ಕೆಳಗಿನದರ ವರ್ಗ ಕಳಿಯೂದು. ನೀನೂ ನನ್ನ ಕಡೆನ ಕಲಿತೀದಿ. ಹೋಗಿ ಕುಂದ್ರು. ಸಂಜಿ ಐದಕ್ಕ ಗಾಡಿ ಬರತೈತಿ."

ಹೋಗಿ ಕೂತೆ. ಪೆನ್ನು ಹಿಡಿಯಲಿಲ್ಲ. ನಾನು ಹಟಮಾರಿ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ, ಸುಳ್ಳಲ್ಲ. ಆದರೆ ಅವತ್ತು ಹಟಕ್ಕಿಂತ ಹೆದರಿಕೆಯೇ ಹೆಚ್ಚಾಗಿತ್ತು. ಸರಿಯಾಗಿ ಬರೆದವನ ಆರು ಅಂಕ ಹೋಗುತ್ತದೆ. ಮೊದಲ ವರ್ಷದ ಗಣಿತ ಎಷ್ಟು ಜನರ ವರ್ಷ ನುಂಗುತ್ತದೆ ಎಂಬುದು ನನಗೆ ಗೊತ್ತು. ಇತ್ತ ಈ ತಪ್ಪು ಹೊರಗೆ ಬಿತ್ತೆಂದರೆ ನಿವೃತ್ತಿಯ ತಿಂಗಳಲ್ಲಿ ಸರ್ ಹೆಸರು ಕೆಡುತ್ತದೆ. ಬೀಳ್ಕೊಡುಗೆಗೆ ಶಾಲು ಹೊದಿಸುವವರೇ ಹಿಂದೆ ನಿಂತು ನಗುತ್ತಾರೆ. ಅದನ್ನು ಹೊರಗೆ ಹಾಕುವವಳು ನಾನು.

ಸ್ವಲ್ಪ ಹೊತ್ತಿಗೆ ಕೇಂದ್ರದ ಮುಖ್ಯಸ್ಥರು ಬಂದರು. ಆ ಕಾಲೇಜಿನ ಉಪಪ್ರಾಚಾರ್ಯರು ಅವರೇ, ಮರಾಠಿಯವರು, ಮಾತು ಮೃದು, ಕಣ್ಣು ಗಡಿಯಾರದ ಮೇಲೆ. "ಮ್ಯಾಡಂ, ನಿಮ್ಮ ಬಂಡಲು ಯಾಕೆ ನಿಂತಿದೆ?"

ನಾನು ಬಾಯಿ ತೆರೆಯುವ ಮೊದಲೇ ಅಡಿಕೆಯವರು, "ಅವರ ಮಿರಜದ ಹುಡುಗರು ಬೇರೆ ಉತ್ತರ ಬರೆದಿದ್ದಾರಂತೆ, ಅವರಿಗೆ ಅಂಕ ಬೇಕಂತೆ" ಅಂದುಬಿಟ್ಟರು.

ಮೈಯೆಲ್ಲ ಉರಿಯಿತು. ಅದರಲ್ಲಿ ಅರ್ಧ ಸತ್ಯವಿತ್ತು, ಅದಕ್ಕೇ ಹೆಚ್ಚು ಉರಿಯಿತು. 1/30 ಬರೆದವರಲ್ಲಿ ಹೆಚ್ಚಿನವರು ನನ್ನ ಹುಡುಗರೇ ಇರಬಹುದು. ಆ ಭಾಗವನ್ನು ನಾನು ಹೋಳು ಹೋಳಾಗಿ ಚಿತ್ರ ಬರೆಸಿ ಕಲಿಸಿದ್ದೆ, ಆ ಚಿತ್ರಗಳ ಗುರುತು ಸಿಗುತ್ತಿತ್ತು. ಹಾಲಿನಲ್ಲಿ ತಲೆಗಳೆಲ್ಲ ನನ್ನ ಕಡೆ ತಿರುಗಿದವು. ಮುಖ್ಯಸ್ಥರು, "ಮಾದರಿ ಉತ್ತರದ ಪ್ರಕಾರ ತಿದ್ದಿ, ಇಲ್ಲವಾದರೆ ಬಂಡಲು ವಾಪಸು ಕೊಡಿ. ಊಟದ ಬಿಡುವು ಮುಗಿಯುವುದರೊಳಗೆ ಹೇಳಿ" ಎಂದು ಹೋದರು. ಸರ್ ಆ ಕಡೆ ಮುಖ ಮಾಡಿ ಹಸಿರು ಪೆನ್ನು ಓಡಿಸುತ್ತಲೇ ಇದ್ದರು.

ನಾನು ಊಟಕ್ಕೆ ಹೋಗಲಿಲ್ಲ. ಹಾಲಿನ ಪಕ್ಕದ ಕೋಣೆಗೆ ಹೊಸದಾಗಿ ಕಂಪ್ಯೂಟರುಗಳು ಬಂದಿದ್ದವು. ಖಾಲಿ ಪೆಟ್ಟಿಗೆಗಳೂ ಥರ್ಮಾಕೋಲೂ ವರಾಂಡದಲ್ಲಿ ರಾಶಿ ಬಿದ್ದಿದ್ದವು. ಮಾತಿನಿಂದ ಸರ್ ಒಪ್ಪುವುದಿಲ್ಲ ಎಂದು ಖಾತ್ರಿಯಾಗಿತ್ತು. ಎರಡು ಸೆಂಟಿಮೀಟರ್ ದಪ್ಪದ ಒಂದು ಹಲಗೆ ಹುಡುಕಿ, ಡ್ರಾಯಿಂಗ್ ಹಾಲಿನ ಬ್ಲೇಡಿನಿಂದ ಕುಯ್ಯತೊಡಗಿದೆ. ಒಂದು ಎಂದರೆ ಇಪ್ಪತ್ತು ಸೆಂಟಿಮೀಟರ್ ಎಂದು ಇಟ್ಟುಕೊಂಡೆ. ದೊಡ್ಡ ಕಾಗದದ ಮೇಲೆ ಅದೇ ಎಲೆ ಬರೆದು, ಹತ್ತು ಕಡೆ ಅಂತರ ಅಳೆದು, ಅಷ್ಟಷ್ಟು ಬಾಹುವಿನ ಹತ್ತು ಚೌಕ ಮಾಡಿದೆ. ತುದಿಯವು ಬೆರಳಿನ ಉಗುರಿನಷ್ಟು, ನಡುವಿನವು ಐದು ಸೆಂಟಿಮೀಟರಿಗೆ ಕೂದಲೆಳೆಯಷ್ಟು ಕಡಿಮೆ. ಬ್ಲೇಡು ಒಮ್ಮೆ ಜಾರಿ ಹೆಬ್ಬೆರಳು ಕುಯ್ಯಿತು. ಥರ್ಮಾಕೋಲಿನ ಪುಡಿ ಸೀರೆಗೆಲ್ಲ ಮೆತ್ತಿಕೊಂಡಿತ್ತು.

ಸರ್ ಜೈನರ ಪದ್ಧತಿಯಂತೆ ಮನೆಯ ಡಬ್ಬಿ ತಂದು ಒಬ್ಬರೇ ಊಟ ಮಾಡುತ್ತಿದ್ದರು. ಅವರ ಮೇಜಿನ ಮೇಲೆ ಕಾಗದ ಹಾಸಿ, ಎಲೆಯ ಮೇಲೆ ಚೌಕಗಳನ್ನು ಒಂದರ ಪಕ್ಕ ಒಂದು ನಿಲ್ಲಿಸಿದೆ. ಅವರು ಡಬ್ಬಿಯ ಮುಚ್ಚಳ ಹಾಕಿದರು.

"ಸರ್, ಎಲ್ಲಾಕ್ಕಿಂತ ದೊಡ್ಡ ಚೌಕ ನಡುವ ಐತ್ರಿ. ಅಲ್ಲಿ ಗೆರಿ ಅರ್ಧಕ್ಕ, ಬಾಗಿದ್ದು ಕಾಲಿಗೆ, ಅಂತರ ಕಾಲು. ಇದಕ್ಕಿಂತ ದೊಡ್ಡ ಚೌಕ ಎಲ್ಲೂ ಇಲ್ಲ. ಹೌದಲ್ರಿ?"

"ಹೌದು."

"ಹಂಗಾದ್ರ ಇಡೀ ವಸ್ತು ಒಂದು ಉದ್ದದ, ಕಾಲು ಅಗಲದ, ಕಾಲು ಎತ್ತರದ ಪೆಟ್ಟಿಗ್ಯಾಗ ಕುಂದ್ರತೈತಿ. ಪೆಟ್ಟಿಗಿ ಗಾತ್ರ 1/16."

ಅವರು ತಕ್ಷಣ ಬೆರಳು ಇಟ್ಟರು. "ಎಲ್ಲಿ ಕುಂದ್ರತೈತಿ? ಇದು ಓರೆ ಐತಿ. ಮ್ಯಾಲ ಮ್ಯಾಲ ಹತ್ತಿ ಹೋಗೇತಿ. ನಿನ್ನ ಪೆಟ್ಟಿಗಿ ನೆಟ್ಟಗ ಐತಿ."

ಈ ಪ್ರಶ್ನೆ ಕೇಳಿದ ಕೂಡಲೇ ನನ್ನ ಜೀವಕ್ಕೆ ಸಮಾಧಾನವಾಯಿತು. ಸಿಟ್ಟಿನವರು ಪ್ರಶ್ನೆ ಕೇಳುವುದಿಲ್ಲ, ಗಣಿತದವರು ಕೇಳುತ್ತಾರೆ. ಪಕ್ಕದಲ್ಲಿದ್ದ ಉತ್ತರಪತ್ರಿಕೆಗಳ ರಾಶಿಯನ್ನು ಅಂಗೈಯಿಂದ ಒತ್ತಿ ಓರೆ ಮಾಡಿದೆ, ಮತ್ತೆ ನೆಟ್ಟಗೆ ಮಾಡಿದೆ. "ಪೇಪರ್ ಹೆಚ್ಚು ಕಡಿಮಿ ಆದ್ವೇನ್ರಿ? ಹಂಗ ಪ್ರತಿ ಚೌಕ ಇದ್ದಲ್ಲಿಂದ ಕೆಳಗ ಸರಿಸೋಣ." ಒಂದೊಂದೇ ಚೌಕವನ್ನು ಅಡ್ಡ ಸರಿಸಿ ಒಂದೇ ಗೆರೆಗೆ ತಂದೆ. ಸಾಲು ನೆಟ್ಟಗಾಯಿತು. ರಟ್ಟಿನ ಒಂದು ಉದ್ದನೆಯ ಕೊಳವೆಪೆಟ್ಟಿಗೆ ಮಡಚಿ ಇಟ್ಟುಕೊಂಡಿದ್ದೆ, ಐದು ಸೆಂಟಿಮೀಟರ್ ಬಾಯಿಯದು. ಎಲ್ಲವನ್ನೂ ಅದರಲ್ಲಿ ಇಟ್ಟೆ. ಕೂತವು, ಮೇಲೆ ಜಾಗವೂ ಉಳಿಯಿತು.

"ಪೆಟ್ಟಿಗಿ 1/16. ನಿಮ್ಮ ಉತ್ತರ 2/15, ಪೆಟ್ಟಿಗಿಯ ಎರಡು ಪಟ್ಟಿಗಿಂತ ಜಾಸ್ತಿ. ನನ್ನದು 1/30, ಪೆಟ್ಟಿಗಿಯ ಅರ್ಧಕ್ಕಿಂತ ಸ್ವಲ್ಪ ಮ್ಯಾಲ."

ಸರ್ ಆ ರಟ್ಟಿನ ಪೆಟ್ಟಿಗೆಯನ್ನು ಎತ್ತಿ ಒಳಗೆ ನೋಡಿದರು. ಆಮೇಲೆ ಕನ್ನಡಕ ತೆಗೆದು, ಕಾಗದದ ಮೇಲೆ ಒಂದೇ ಸಾಲು ಬರೆದರು. x ಅರ್ಧವಿದ್ದಾಗ ತಮ್ಮ ಸೂತ್ರದಿಂದ ಚೌಕದ ಕ್ಷೇತ್ರಫಲ ಎಷ್ಟು ಬರುತ್ತದೆ ಎಂದು. 3/16 ಬಂತು. ಎದುರಿಗೇ ಇದ್ದ ಚೌಕ 1/16.

"ಬಳಿ ಲೆಕ್ಕ ಬರದಬಿಟ್ಟೇನಿ" ಅಂದರು. ದನಿ ಅವರದ್ದೇ ಅಲ್ಲವೆಂಬಂತಿತ್ತು. "ಬಳಿ ಎಲ್ಲೈತಿ ಇದರಾಗ?"

ನಾನು ಅಲ್ಲೇ ಅತ್ತುಬಿಡುತ್ತೇನೇನೋ ಅನಿಸಿತು. ಗೆದ್ದೆ ಎಂಬ ಖುಷಿ ಒಂದು ಕ್ಷಣವೂ ಇರಲಿಲ್ಲ.

ಅವರೇ ಎದ್ದು ಮುಖ್ಯಸ್ಥರ ಕೋಣೆಗೆ ಹೋಗಿ ಮರಾಠಿಯಲ್ಲಿ, ಬಾಗಿಲು ತೆರೆದೇ ಇರುವಾಗ, ಮಾದರಿ ಉತ್ತರ ತಪ್ಪು, ತಪ್ಪು ತಮ್ಮದು, ತಿದ್ದಿದ ಬಂಡಲುಗಳನ್ನೆಲ್ಲ ಮತ್ತೆ ತೆರೆಯಬೇಕು ಎಂದರು. ಮುಖ್ಯಸ್ಥರು ತಲೆ ಮೇಲೆ ಕೈಯಿಟ್ಟುಕೊಂಡರು. ಗಾಡಿ ಐದಕ್ಕೆ ಬರುತ್ತದೆ, ಅಂಕಪಟ್ಟಿಗೆ ಸಹಿ ಬಿದ್ದಾಗಿದೆ. "ಸರ್, ಒಂದು ಕೆಲಸ ಮಾಡೋಣ. 2/15 ಬರೆದವರಿಗೂ ಎಂಟು, 1/30 ಬರೆದವರಿಗೂ ಎಂಟು. ಯಾರಿಗೂ ನಷ್ಟ ಇಲ್ಲ" ಎಂದರು.

"ಎರಡೂ ಸರಿ ಇರಲಾರವು" ಅಂದರು ಸರ್. "ವಸ್ತು ಒಂದೇ."

ಆಗ ಬಂಡಲುಗಳು ಮತ್ತೆ ಮೇಜಿಗೆ ಬಂದವು. ಸರ್ ಹಸಿರು ಪೆನ್ನು ಹಿಡಿದು ಕೂತರು, ನನ್ನನ್ನು ಎದುರಿಗೆ ಕೂರಿಸಿಕೊಂಡರು. ಅಡಿಕೆಯವರೂ ಬಾಯಿ ತೊಳೆದುಕೊಂಡು ಬಂದು, ನನ್ನ ಕಡೆ ನೋಡದೆ, ತಮ್ಮ ಬಂಡಲು ತೆರೆದರು. 1/30 ಬರೆದವರಿಗೆ ಆರಾರು ಅಂಕ ಸೇರಿಸುತ್ತ ಹೋದೆವು. ಹಗುರವೆನಿಸುತ್ತಿತ್ತು. ಅಷ್ಟರಲ್ಲಿ ಇನ್ನೊಂದು ಬಂಡಲು ತೆರೆದೆ.

ಮೊದಲ ಪತ್ರಿಕೆಯಲ್ಲಿ 2/15. ಕೆಳಗೆ ಸ್ಕೇಲಿನ ಎರಡು ಗೆರೆ. ಎರಡನೆಯದರಲ್ಲೂ ಅದೇ. ಮೂರನೆಯದು, ನಾಲ್ಕನೆಯದು. ಸಾಲು ಸಾಲು ಅದೇ ಮಾತು, ಅದೇ ಹಂತ, ಅದೇ ಎರಡು ಗೆರೆ. ಸರ್ ಮಾದರಿ ಉತ್ತರದಲ್ಲಿ ಮಾತ್ರ ತಪ್ಪಿರಲಿಲ್ಲ, ವರ್ಷವಿಡೀ ತರಗತಿಯಲ್ಲೂ ಹಾಗೇ ಕಲಿಸಿದ್ದರು. ಮಕ್ಕಳು ಅಕ್ಷರ ತಪ್ಪದೆ ಬರೆದಿದ್ದರು. ಬೆಳಿಗ್ಗೆ ಅವರಿಗೆಲ್ಲ ಎಂಟು ಸಿಕ್ಕಿತ್ತು, ಈಗ ಎರಡು.

ನನಗೆ ಇದು ಹೊಳೆದೇ ಇರಲಿಲ್ಲ. ಬೆಳಗಿನಿಂದ ನಾನು ಸರಿ ಬರೆದವರ ಪರವಾಗಿ ಬಡಿದಾಡುತ್ತಿದ್ದೆ. ಈ ಇನ್ನೊಂದು ಸಾಲು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಇವರು ಓದದೆ ಬಂದವರಲ್ಲ. ಓದಿದ್ದರಿಂದಲೇ ತಪ್ಪಿದವರು.

"ಸರ್" ಅಂದೆ ಮೆಲ್ಲಗೆ, "ಸಾಹೇಬ್ರು ಹೇಳಿದಂಗ ಎರಡಕ್ಕೂ ಕೊಟ್ಟಬಿಡೋಣ್ರಿ."

ಅವರು ತಲೆಯೆತ್ತಿದರು. "ಯಾಕ?"

"ನೀವ ನೋಡ್ರಿ. ಇವೆಲ್ಲ ನಿಮ್ಮ ಮಕ್ಕಳು."

"ನೋಡೇನಿ. ಹೊತ್ತಾತು ನೋಡಿ."

"ಅವರ ತಪ್ಪೇನೈತ್ರಿ ಇದರಾಗ?"

"ಅವರ ತಪ್ಪಿಲ್ಲ. ಉತ್ತರ ತಪ್ಪೈತಿ. ಮುಂದ ಎಲ್ಲೋ ಕಾರ್ಖಾನಿಯೊಳಗ ಕಬ್ಬಿಣ ಎಷ್ಟು ಬೇಕಂತ ಇದ ಸೂತ್ರ ಹಾಕಿ ನಾಕು ಪಟ್ಟು ತರಿಸಿದ್ರ, ನಮ್ಮ ಸರ್ ಎಂಟಕ್ಕ ಎಂಟು ಕೊಟ್ಟಿದ್ರು ಅಂತಾರ. ಮಧ್ಯಾಹ್ನ ನೀ ಹೇಳಿದ್ದು ಸಂಜಿಗೆ ಬದಲಾಗಂಗಿಲ್ಲ ತಂಗಿ."

ನನಗೆ ಅವರ ಮೇಲೆ ಸಿಟ್ಟು ಬಂತು. ನಿಜ ಹೇಳಬೇಕೆಂದರೆ, ಬೆಳಿಗ್ಗೆ ವರಾಂಡದಲ್ಲಿ ಬೈಸಿಕೊಂಡಾಗ ಬಂದಿದ್ದಕ್ಕಿಂತ ಹೆಚ್ಚು. ಒಪ್ಪಿಕೊಂಡದ್ದು ತಾವು, ಅಂಕ ಕಳೆದುಕೊಳ್ಳುವವರು ಅವರು. ಇದು ಎಂಥ ನ್ಯಾಯ? ಆದರೆ ಎದುರಿಗೆ ಇಡಲು ನನ್ನ ಹತ್ತಿರ ಒಂದು ಲೆಕ್ಕವೂ ಇರಲಿಲ್ಲ. ಇದ್ದ ಲೆಕ್ಕವನ್ನು ನಾನೇ ಅವರಿಗೆ ಥರ್ಮಾಕೋಲಿನಲ್ಲಿ ಕುಯ್ದು ಕೊಟ್ಟಿದ್ದೆ.

ನಾಲ್ಕೂವರೆಯ ಹೊತ್ತಿಗೆ ಒಂದು ಪತ್ರಿಕೆಯಲ್ಲಿ ಅವರ ಪೆನ್ನು ನಿಂತಿತು. ಒಟ್ಟು ನಲವತ್ನಾಲ್ಕು ಇತ್ತು. ಆರು ಹೋದರೆ ಮೂವತ್ತೆಂಟು. ಪಾಸಾಗಲು ನಲವತ್ತು ಬೇಕು. ಮೊದಲು ಬೇರೆ ಕೆಲವರದೂ ಕಡಿಮೆಯಾಗಿತ್ತು, ಆದರೆ ಅವರೆಲ್ಲ ಹೇಗೋ ದಡ ಸೇರಿದ್ದರು ಇಲ್ಲವೇ ಮೊದಲೇ ಮುಳುಗಿದ್ದರು. ನಮ್ಮ ತಿದ್ದುಪಡಿಯಿಂದಲೇ ಫೇಲಾಗುವ ಮೊದಲ ಪತ್ರಿಕೆ ಇದು.

ಸರ್ ಅದನ್ನು ನನ್ನ ಕಡೆ ತಳ್ಳಿದರು. "ಬ್ಯಾರೆ ಪ್ರಶ್ನೆದಾಗ ಎಲ್ಲೆರ ಎರಡು ಮಾರ್ಕ್ ತಪ್ಪಿ ಕಡಿಮಿ ಬಿದ್ದಾವೇನು ನೋಡು. ಇದ್ರ ಕೊಡೋಣ. ಇಲ್ಲಂದ್ರ ಇಲ್ಲ."

ನಾನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದೆ. ಹೊರಗೆ ಗಾಡಿಯ ಹಾರ್ನು ಕೇಳಿಸಿತು. ಇನ್ನೊಮ್ಮೆ ಓದಿದೆ. ಒಂದು ಕಡೆ ಅರ್ಧ ಅಂಕಕ್ಕೆ ಜಾಗವಿತ್ತು, ಹಾಕಿದೆ. ಮೂವತ್ತೆಂಟೂವರೆ. ಅಷ್ಟು ಚಂದದ ಅಕ್ಷರ, ಹಾಳೆ ತುಂಬ ಕಷ್ಟಪಟ್ಟದ್ದು ಕಾಣುತ್ತಿತ್ತು. ಆ ಎಂಟು ಅಂಕದ ಉತ್ತರವೊಂದೇ ಎಲ್ಲೂ ಹೊಡೆದುಹಾಕದೆ, ತಡವರಿಸದೆ ಬರೆದದ್ದು.

"ಇಲ್ರಿ ಸರ್" ಅಂದೆ.

ಅವರು ಪತ್ರಿಕೆ ಎಳೆದುಕೊಂಡು ಹಸಿರು ಪೆನ್ನಿನಿಂದ ಅಂಕ ತಿದ್ದಿ ಸಹಿ ಹಾಕಿದರು. ಗಾಡಿ ಏಳರವರೆಗೆ ಕಾದು ನಿಂತಿತು.

ಸರ್ ವಿಶ್ವವಿದ್ಯಾಲಯಕ್ಕೆ ತಾವೇ ಬರೆದರು. ತಪ್ಪು ಕಲಿಸಿದ್ದು ನಾನು, ನನ್ನ ವಿದ್ಯಾರ್ಥಿಗಳಿಗೆ ಏನಾದರೂ ವಿನಾಯಿತಿ ಕೊಡಿ ಎಂದು. ಪ್ರಶ್ನೆ ಸರಿಯಾಗಿಯೇ ಇತ್ತು, ಹೀಗಾಗಿ ಯಾರಿಗೂ ವಿನಾಯಿತಿ ಇಲ್ಲ ಎಂದು ಉತ್ತರ ಬಂತು. ಜೊತೆಗೆ ಅವರನ್ನು ಪರೀಕ್ಷೆಯ ಕೆಲಸದಿಂದ ತೆಗೆದುಹಾಕಿದರು. ಬೀಳ್ಕೊಡುಗೆಗೆ ನಾನು ಹೋಗಿದ್ದೆ. ಶಾಲು ಹೊದಿಸಿದರು, ಭಾಷಣಗಳಾದವು, ಅರ್ಧ ಕುರ್ಚಿ ಖಾಲಿ ಇದ್ದವು. ಅವರು ನನ್ನ ಜೊತೆ ಚೆನ್ನಾಗಿಯೇ ಮಾತಾಡಿದರು. ನನಗೇ ಎದುರು ನಿಲ್ಲಲಾಗದೆ ಬೇಗ ಬಸ್ಸು ಹಿಡಿದೆ.

ಮಳೆಗಾಲದಲ್ಲಿ ಒಂದು ಭಾನುವಾರ ಅವರ ಫೋನು ಬಂತು. ಗಣಿತದಲ್ಲಿ ಫೇಲಾದ ತಮ್ಮ ಕಾಲೇಜಿನ ಮಕ್ಕಳಿಗೆ ಮನೆಯ ಪಡಸಾಲೆಯಲ್ಲಿ ಪಾಠ ಹೇಳುತ್ತಿದ್ದೇನೆ, ನವೆಂಬರಿನ ಪರೀಕ್ಷೆಗೆ ಕೂಡುತ್ತಾರೆ, ಒಂದು ಭಾಗ ನೀನು ಬಂದು ತೆಗೆದುಕೋ ಎಂದರು. ಯಾವ ಭಾಗ ಎಂದು ನಾನು ಕೇಳಲಿಲ್ಲ. "ನಾ ಶುರು ಮಾಡಿದ್ರ ಕೈ ಮತ್ತ ಬಳಿ ಬರೀತೈತಿ" ಎಂದು ಅವರೇ ಹೇಳಿದರು.

ಹೋದೆ. ಹತ್ತು ಹನ್ನೆರಡು ಜನ ಚಾಪೆಯ ಮೇಲೆ ಕೂತಿದ್ದರು. ಗೋಡೆಗೆ ಒರಗಿಸಿದ ಕರಿಹಲಗೆ. ಸರ್ ಎಲ್ಲರ ಹಿಂದೆ, ತಾವೂ ನೋಟ್ಸಿನ ಒಂದು ವಹಿ ತೊಡೆಯ ಮೇಲಿಟ್ಟುಕೊಂಡು ಕೂತರು. ನಾನು ಓರೆ ಗೆರೆ, ಬಾಗಿದ ಗೆರೆ ಬರೆದೆ. ಚೌಕ ನಿಲ್ಲಿಸಿದೆ. ಬಾಹು ಇದು, ಇದರ ವರ್ಗ ಕ್ಷೇತ್ರಫಲ, ಬೇರೆ ಬೇರೆ ವರ್ಗ ಮಾಡಿ ಕಳೆಯಬಾರದು ಎಂದೆ. ಅರ್ಧವೃತ್ತ ನಿಲ್ಲಿಸಿದರೆ ಅದೇ ಅಂತರ ವ್ಯಾಸವಾಗುತ್ತದೆ, ತ್ರಿಜ್ಯವಲ್ಲ, ಆದ್ದರಿಂದ ವರ್ಗಕ್ಕೆ π/8 ಗುಣಿಸಬೇಕು ಎಂದೂ ಹೇಳಿದೆ. ಎಲ್ಲರೂ ಬರೆದುಕೊಂಡರು. ಆ ಮೂವತ್ತೆಂಟೂವರೆ ಇವರಲ್ಲಿ ಯಾರದೋ ಎಂದು ನನ್ನ ಕಣ್ಣು ಪ್ರತಿ ವಹಿಯ ಅಕ್ಷರದ ಮೇಲೂ ಹೋಗುತ್ತಿತ್ತು. ಗುರುತು ಹಿಡಿಯಲಾಗಲಿಲ್ಲ. ಹಿಡಿಯಲು ಧೈರ್ಯವೂ ಇರಲಿಲ್ಲ.

ಮುಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿ ಬರೆಯುವುದನ್ನು ನಿಲ್ಲಿಸಿದಳು. ಮನೆಯಲ್ಲಿ ಕನ್ನಡ ಕೇಳಿ ಬೆಳೆದು ಹೊರಗೆ ಮರಾಠಿ ಆಡುವವಳು ಎಂದು ಮಾತಿನಲ್ಲೇ ತಿಳಿಯುತ್ತಿತ್ತು. ನನ್ನನ್ನು ಕೇಳಲಿಲ್ಲ, ಹಿಂದೆ ತಿರುಗಿ ಸರ್‌ಗೇ ಕೇಳಿದಳು.

"ಸರ್, ನೀವು ಬೋರ್ಡಿನ್ಯಾಗ ಬರದಿದ್ದನ್ನ ನಾ ಬರದಿದ್ನಿ. ಮಗ ನಾ ಕಶಿ ಫೇಲ್ ಆದ್ನಿ?"

ಹಾಗಾದರೆ ನಾನು ಹೇಗೆ ಫೇಲಾದೆ ಎಂದು ಅರ್ಧ ಮರಾಠಿಯಲ್ಲಿ ಕೇಳಿದ್ದಳು. ಸರ್ ಮುಖ ನೋಡಲಾಗದೆ ನಾನು ಕರಿಹಲಗೆಯ ಕಡೆ ತಿರುಗಿದೆ.

"ಹೌದವಾ" ಅಂದರು ಸರ್. "ತಪ್ಪು ನಂದು. ವರ್ಷ ಹೋಗಿದ್ದು ನಿಂದು."

ಹುಡುಗಿ ಕ್ಷಮಿಸಿದಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಆಮೇಲೆ ತಿರುಗಿ, ಮುಂದಿನ ಲೆಕ್ಕ ಬರೆಯಿರಿ ಮ್ಯಾಡಂ ಎಂದಳು. ಬರೆದೆ.